ಗ್ರೀಕರ 'ಸಗಪೋ' ಅನುವಾದ ಮಾಡೋದು ಹೇಗೆ?

ಪ್ರಶ್ನೆ: ಗ್ರೀಕಿನಲ್ಲಿ ಪ್ರೀತಿಗೆ ಪ್ರಣಯದ ಎರೋಸ್, ಸ್ನೇಹದ ಫಿಲಿಯಾ, ಅಗಾಪೆ ಅಂತ ಬೇರೆ ಬೇರೆ ಪದಗಳಿವೆಯಲ್ಲ, ಮನಸ್ಸು ಬಿಚ್ಚಿ ಹೇಳಿದ ಪ್ರೀತಿಯ ಮಾತನ್ನು ಅನುವಾದಿಸಲು ಇವು ನೆರವಾಗುತ್ತವಾ?

ಜಾಸ್ತಿ ಇಲ್ಲ. ಗ್ರೀಕರೇ ಈ ಪದಗಳ ನಡುವೆ ಅಷ್ಟು ಖಚಿತ ಗೆರೆ ಎಳೆದಿರಲಿಲ್ಲ. ಅಗಾಪೆ ಅಂದ್ರೆ ನಿಸ್ವಾರ್ಥ ಪ್ರೀತಿ ಅಂತಾರೆ, ಅಲ್ವಾ? ಆದರೆ ಬೈಬಲಿನ ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದದಲ್ಲಿ, ರಾಜ ದಾವೀದನ ಮಗ ಅಮ್ನೋನನಿಗೆ ಮಲತಂಗಿ ತಾಮಾರಳ ಮೇಲಿದ್ದ ಕೆಟ್ಟ ಆಸೆಗೂ ಅದೇ ಪದವಿದೆ.

ಇಂದಿನ ಗ್ರೀಕರು ಪ್ರೇಯಸಿಗೂ ಅಮ್ಮನಿಗೂ 'ಸಗಪೋ' ಅಂತಲೇ ಹೇಳುತ್ತಾರೆ, ಅಂದ್ರೆ 'ನಿನ್ನನ್ನು ಪ್ರೀತಿಸ್ತೀನಿ' ಅಂತ. ಅದೂ ಅಗಾಪೆಯ ಬಳಗದ ಮಾತೇ. ಯಾರು ಯಾರಿಗೆ ಹೇಳಿದರು ಅನ್ನೋದರಿಂದಲೇ ಅರ್ಥ ತಿಳಿಯುತ್ತದೆ. ಹಾಗಾಗಿ ನಲ್ಲೆಗೆ ಬರೆದಿದ್ದರೆ 'ನಿನ್ನನ್ನು ಪ್ರೀತಿಸ್ತೀನಿ' ಅಂತ ಬರೆಯಿರಿ. ಅಮ್ಮನಿಗಾದರೆ 'ನೀನಂದ್ರೆ ನಂಗೆ ಪ್ರಾಣ ಅಮ್ಮಾ' ಅಂದರೆ ಚೆನ್ನ. ಎರೋಸ್‌ನಿಂದ ಬಂದ 'ಎರೊತೆವ್ಮೆನೋಸ್' ಕಂಡರೆ ಮಾತ್ರ ಅನುಮಾನ ಬೇಡ, ಅವನು ಪ್ರೇಮದಲ್ಲಿ ಬಿದ್ದಿದ್ದಾನೆ.