ಗೇಟಿನಲ್ಲಿ ಪ್ರತಿಸಲ ಹೆಸರು ಬರೆಸುವುದು ಯಾಕೆ?

"ಬೈಕಂಪಾಡಿಯ ಫ್ಯಾಕ್ಟರಿಗೆ ವಾರವಾರ ಹೋಗ್ತೇನೆ. ಮುಖ ಗೊತ್ತಿದ್ದರೂ ಸೆಕ್ಯುರಿಟಿಯವರು ಪ್ರತಿಸಲ ಹೆಸರು ಬರೆಸುವುದು ಯಾಕೆ?"

ಹೊರಗಿನವರು ಯಾರು ಒಳಗಿದ್ದಾರೆ ಅನ್ನುವ ಲೆಕ್ಕ ಆ ರಿಜಿಸ್ಟರಿನಲ್ಲೇ ಇರುವುದು, ಅದಕ್ಕೆ. ಬೆಂಕಿ ಬಿದ್ದರೆ, ಅಥವಾ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅಮೋನಿಯಾ ಸೋರಿದರೆ, ಎಲ್ಲರನ್ನೂ ಹೊರಗೆ ಒಂದು ಕಡೆ ಸೇರಿಸಿ ಎಣಿಸುತ್ತಾರೆ. ನೌಕರರಿಗೆ ಹಾಜರಿ ಇದೆ, ನಿಮಗೆ ಈ ಪುಸ್ತಕ ಮಾತ್ರ. ಹೊರಬಂದ ಸಮಯ ಖಾಲಿ ಇದ್ದರೆ ನೀವು ಒಳಗಿದ್ದೀರಿ ಅಂತಲೇ ಲೆಕ್ಕ. ಹಾಗಾಗಿ ಪಾಸ್ ವಾಪಸ್ ಕೊಡದೆ ಸುಮ್ನೆ ಹೊರಟುಹೋದರೆ, ಇಲ್ಲದ ನಿಮ್ಮನ್ನು ಹುಡುಕಲು ಯಾರೋ ಹೊಗೆಯೊಳಗೆ ಹೋಗಬೇಕಾಗುತ್ತದೆ.

"ಸಾರ್‌ಗೆ ನಾನು ಗೊತ್ತು" ಅಂದರೂ ಗಾರ್ಡ್ ಇಂಟರ್‌ಕಾಮಿನಲ್ಲಿ ಕೇಳಿಯೇ ಬಿಡಬೇಕು. ಅವರು ಎತ್ತದಿದ್ದರೆ ಶಿಫ್ಟ್ ಸೂಪರ್‌ವೈಸರ್, ಆಮೇಲೆ ಸೆಕ್ಯುರಿಟಿ ಆಫೀಸರ್. ಬಿಡುವ ನಿರ್ಧಾರ ಗಾರ್ಡಿನದ್ದಲ್ಲ, ಅವರ ಮೇಲೆ ಸಿಟ್ಟು ಮಾಡಬೇಡಿ.