ಸಂದರ್ಶನದಲ್ಲಿ ಕಟ್ ಮಾಡಿದ ಜಾಗ ಕೇಳಿಸದಂತೆ ಮಾಡೋದು ಹೇಗೆ?

"ನಮ್ಮ ತಾತನ ಜೊತೆ ಎರಡು ಗಂಟೆ ಮಾತಾಡಿ ರೆಕಾರ್ಡ್ ಮಾಡಿದ್ದೇನೆ. ಅರ್ಧ ಗಂಟೆಗೆ ಇಳಿಸಬೇಕು. ಕಟ್ ಮಾಡಿದ ಕಡೆಯೆಲ್ಲಾ ‘ಟಕ್’ ಅನ್ನುತ್ತೆ, ಹಿಂದಿನ ಸದ್ದು ಜಿಗಿಯುತ್ತೆ. ಯಾವ ನಾಯ್ಸ್ ರಿಮೂವರ್ ಹಾಕಿದರೆ ಸರಿಹೋಗುತ್ತೆ?"

ಯಾವುದನ್ನೂ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ನಿಮ್ಮ ತೊಂದರೆ ಸದ್ದು ಇರೋದಲ್ಲ, ಸದ್ದು ಇದ್ದಕ್ಕಿದ್ದಂತೆ ಬದಲಾಗೋದು. ಇದು ನನಗೆ ಅರ್ಥವಾಗೋಕೆ ಒಂದು ತಿಂಗಳು ಹಿಡಿಯಿತು.

ಧಾರವಾಡದಲ್ಲಿ ಒಬ್ಬ ಅಜ್ಜಾರಿದ್ದರು. ಹಳೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿದವರು. ಅವರ ಮನೆಯ ಪಡಸಾಲೆಯಲ್ಲಿ ಕೂತು ಎರಡೂವರೆ ಗಂಟೆ ರೆಕಾರ್ಡ್ ಮಾಡಿದೆ. ಬೇಸಿಗೆ ಕಾಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಒಂದೊಂದು ಸುತ್ತಿಗೂ ‘ಕಿರಕ್’ ಅಂತ ಸಣ್ಣ ಸದ್ದು. ಒಳಗಿನ ಕೋಣೆಯಲ್ಲಿ ಫ್ರಿಜ್ ಆಗಾಗ ಗುಂಯ್ ಅಂತ ಶುರುವಾಗಿ ನಿಲ್ಲುತ್ತಿತ್ತು. ಮಾತು ಮುಗಿದ ಮೇಲೆ ರೂಮ್ ಟೋನ್ ತೆಗೆದುಕೊಳ್ಳಬೇಕು ಅಂತ ನನಗೆ ಗೊತ್ತಿತ್ತು. ಯಾರೂ ಮಾತಾಡದೆ ಇರುವಾಗ ಆ ಕೋಣೆ ಹೇಗೆ ಕೇಳಿಸುತ್ತೆ ಅನ್ನೋದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳೋದು, ಅಷ್ಟೇ. ನಾನು ಏನು ಮಾಡಿದೆ ಅಂದ್ರೆ, "ಅಜ್ಜಾರೆ, ಒಂದು ನಿಮಿಷ ಸುಮ್ಮನೆ ಇರಬೇಕು" ಅಂದೆ, ಎದ್ದು ಹೋಗಿ ಫ್ಯಾನ್ ಆರಿಸಿದೆ, ಮನೆಯವರನ್ನು ಹೊರಗೆ ಕಳಿಸಿದೆ, ಬಾಗಿಲು ಮುಚ್ಚಿದೆ, ಆಮೇಲೆ ರೆಕಾರ್ಡ್ ಒತ್ತಿದೆ.

ಅದೇ ತಪ್ಪು. ರೂಮ್ ಟೋನ್ ಅಂದ್ರೆ ಆದಷ್ಟು ನಿಶ್ಶಬ್ದ ಅಂತ ನಾನು ತಿಳಿದಿದ್ದೆ. ಅದು ನಿಶ್ಶಬ್ದ ಅಲ್ಲ. ಮಾತಿನ ಹಿಂದೆ ಏನಿತ್ತೋ ಅದೇ ಬೇಕು. ಫ್ಯಾನ್ ಇದ್ದರೆ ಫ್ಯಾನ್ ಸಮೇತ, ಅದೇ ವೇಗದಲ್ಲಿ. ಮೈಕ್ ಇದ್ದಲ್ಲೇ ಇರಬೇಕು, ದನಿ ಎಷ್ಟು ಜೋರಾಗಿ ದಾಖಲಾಗಬೇಕು ಅನ್ನೋದನ್ನು ಹೊಂದಿಸುವ ಗೇನ್ ಮುಟ್ಟಬಾರದು, ಜನ ಕೂತ ಜಾಗದಲ್ಲೇ ಕೂತಿರಬೇಕು, ಯಾಕಂದ್ರೆ ನಾಲ್ಕು ಜನ ಕೂತಿರುವ ಪಡಸಾಲೆಯ ದನಿಗೂ ಖಾಲಿ ಪಡಸಾಲೆಯ ದನಿಗೂ ವ್ಯತ್ಯಾಸ ಇರುತ್ತೆ. ನಾನು ರೆಕಾರ್ಡ್ ಮಾಡಿದ ಆ ಒಂದು ನಿಮಿಷ ಬೇರೆಯದೇ ಮನೆಯದು ಅನ್ನುವ ಹಾಗಿತ್ತು. ಮನೆಗೆ ಬಂದು ಕಟ್ ಮಾಡಿದ ಕಡೆಯೆಲ್ಲಾ ಅದನ್ನೇ ಅರ್ಧರ್ಧ ಸೆಕೆಂಡು ತುಂಬಿಸಿದೆ. ಸಾಲದ್ದಕ್ಕೆ ಮೇಲೆ ಒಂದು ನಾಯ್ಸ್ ಗೇಟ್ ಕೂಡ ಹಾಕಿದೆ, ಮಾತಿಲ್ಲದ ಕಡೆ ದನಿಯನ್ನೇ ಮುಚ್ಚಿಬಿಡುತ್ತಲ್ಲ, ಅದು. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಚೆನ್ನಾಗೇ ಕೇಳಿಸಿತು. ಅಜ್ಜಾರಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಎರಡು ನಿಮಿಷ ಕೇಳಿ ತೆಗೆದಿಟ್ಟರು. "ನಾ ಮಾತಾಡೂ ನಡುವ ಫ್ಯಾನ್ ಯಾಕ ಬಂದ್ ಮಾಡೀರಿ? ನನ್ನ ಮಾತು ತುಂಡ್ ತುಂಡ್ ಮಾಡೀರೇನು?" ಅಂದರು. ಅವರ ಮಗ "ಇದನ್ನು ಎಲ್ಲೂ ಹಾಕಬೇಡಿ" ಅಂದುಬಿಟ್ಟರು. ಅವರ ಮಾತಿನ ಅರ್ಥವನ್ನು ನಾನು ಒಂದಿಷ್ಟೂ ಬದಲಿಸಿರಲಿಲ್ಲ. ಆದರೆ ಕೇಳುವವರಿಗೆ ಹಾಗೆ ಅನಿಸಿತು, ಅದು ಅವರ ತಪ್ಪಲ್ಲ.

ತಿಂಗಳಾದ ಮೇಲೆ ಅವರ ಮನೆಗೆ ಮತ್ತೆ ಹೋಗಿ ಫ್ಯಾನ್ ಹಾಕಿ ಹೊಸ ರೂಮ್ ಟೋನ್ ತೆಗೆದೆ. ಅದೂ ಕೂಡಲಿಲ್ಲ. ಅಷ್ಟರಲ್ಲಿ ಮಳೆ ಶುರುವಾಗಿತ್ತು, ಹೊರಗಿನ ಸದ್ದೇ ಬೇರೆ, ಮೈಕ್ ಎಲ್ಲಿಟ್ಟಿದ್ದೆ ಅನ್ನೋದೂ ಸರಿಯಾಗಿ ನೆನಪಿರಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಹಳೆಯ ರೆಕಾರ್ಡಿಂಗ್ ಒಳಗೇ. ನೀವೂ ರೂಮ್ ಟೋನ್ ತೆಗೆದಿರಲಾರಿರಿ ಅಂತ ನನ್ನ ಊಹೆ, ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇನೆ.

ವಯಸ್ಸಾದವರು ಪ್ರಶ್ನೆ ಕೇಳಿದ ಕೂಡಲೇ ಉತ್ತರ ಹೇಳೋದಿಲ್ಲ. ಯೋಚಿಸುತ್ತಾರೆ. ಆ ಒಂದು, ಒಂದೂವರೆ ಸೆಕೆಂಡೇ ನಿಮ್ಮ ರೂಮ್ ಟೋನ್. ಎರಡು ಗಂಟೆಯಲ್ಲಿ ಅಂಥವು ಹತ್ತಾರು ಸಿಗುತ್ತವೆ. ಉಸಿರು, ಬಾಯಿಯ ಚಪ್ಪರಿಕೆ, ಬಟ್ಟೆಯ ಸರಸರ ಇಲ್ಲದ ತುಂಡುಗಳನ್ನು ಆರಿಸಿ ಬೇರೆ ಟ್ರ್ಯಾಕ್‌ನಲ್ಲಿ ಒಂದರ ಪಕ್ಕ ಒಂದು ಇಡಿ. ಕೊನೆಯ ಮಾತಿನ ಗುಂಗು ಕೋಣೆಯಲ್ಲಿ ಅಡಗಿದ ಮೇಲಿನ ಭಾಗ ಮಾತ್ರ ತಗೊಳ್ಳಿ, ಇಲ್ಲದಿದ್ದರೆ ಆ ಬಾಲ ಎಲ್ಲೆಲ್ಲೋ ಕೇಳಿಸುತ್ತೆ. ಈ ತುಂಡುಗಳನ್ನು 200–300 ಮಿಲಿಸೆಕೆಂಡ್ ಒಂದರ ಮೇಲೊಂದು ಹಾಯಿಸಿ, ಒಂದು ಇಳಿಯುತ್ತಾ ಇನ್ನೊಂದು ಏರುವಂತೆ ಕ್ರಾಸ್‌ಫೇಡ್ ಕೊಟ್ಟು ಜೋಡಿಸಿ. ಇಲ್ಲಿ ಫೇಡ್‌ನ ಆಕಾರ ‘ಈಕ್ವಲ್ ಪವರ್’ ಇರಲಿ. ನೇರ ಗೆರೆಯ ಫೇಡ್ ಕೊಟ್ಟರೆ ನಡುವೆ ಸದ್ದು ಸುಮಾರು 3 ಡೆಸಿಬಲ್ ಕುಸಿಯುತ್ತೆ, ಯಾರೋ ಕ್ಷಣ ಹೊತ್ತು ಕಿವಿ ಮುಚ್ಚಿದ ಹಾಗೆ. ನಾನು ಹೀಗೆ ಇಪ್ಪತ್ತು ಸೆಕೆಂಡಿನ ಎರಡು ಟೋನ್ ಮಾಡಿಕೊಂಡೆ, ಫ್ರಿಜ್ ಓಡುವಾಗಿನದು ಒಂದು, ನಿಂತಾಗಿನದು ಒಂದು. ಒಂದು ಸೆಕೆಂಡಿನ ಒಂದೇ ತುಂಡನ್ನು ಮತ್ತೆ ಮತ್ತೆ ಸುತ್ತಿಸೋಕೆ ಹೋಗಬೇಡಿ. ಅದರಲ್ಲಿ ದೂರದ ಒಂದು ಕಾಗೆ ಇದ್ದರೂ ಸಾಕು, ಮೂರನೇ ಸಲಕ್ಕೆ ಕಿವಿ ಹಿಡಿದುಬಿಡುತ್ತೆ.

ಈಗ ‘ಟಕ್’ ವಿಷಯ. ಕಟ್ ಮಾಡಿದಾಗ ಅಲೆ ಒಂದು ಎತ್ತರದಿಂದ ಇನ್ನೊಂದು ಎತ್ತರಕ್ಕೆ ಒಂದೇ ಹೆಜ್ಜೆಗೆ ಹಾರುತ್ತೆ, ಆ ಹಾರಿಕೆಯೇ ಟಕ್. 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಟ್ಟರೆ ಹೋಗುತ್ತೆ. ಟಕ್ ಕೇಳಿಸದ ಕಡೆಗೂ ಕೊಡಿ, ಒಂದು ಜೋಡಣೆಯನ್ನೂ ಬಿಡಬೇಡಿ. ನಿಮ್ಮ ಸ್ಪೀಕರ್‌ನಲ್ಲಿ ಕೇಳಿಸದ್ದು ಇನ್ನೊಬ್ಬರ ಇಯರ್‌ಫೋನ್‌ನಲ್ಲಿ ಕೇಳಿಸುತ್ತೆ. ಮಾತಿಗೆ ಮಾತು ತಾಗುವ ಕಡೆ 5ರಿಂದ 15 ಮಿಲಿಸೆಕೆಂಡ್ ಸಾಕು. ಜಾಸ್ತಿ ಉದ್ದ ಕೊಟ್ಟರೆ ತೆಗೆದುಹಾಕಿದ ಪದದ ಚೂರು ಹಿಂದಿನಿಂದ ನೆರಳಿನ ಹಾಗೆ ಇಣುಕುತ್ತೆ. ಮಾತಿನಿಂದ ರೂಮ್ ಟೋನ್‌ಗೆ ಹೋಗುವ ಕಡೆ ಮಾತ್ರ 50ರಿಂದ 100ರವರೆಗೆ ಹೋಗಬಹುದು.

ಎಲ್ಲಿ ಕತ್ತರಿಸಬೇಕು ಅನ್ನೋದಕ್ಕೆ ಕನ್ನಡ ಒಳ್ಳೆಯ ಜಾಗ ಕೊಡುತ್ತೆ. ‘ಹತ್ತು’, ‘ಅಪ್ಪ’, ‘ಅಕ್ಕ’ ಅನ್ನುವಾಗ ಒತ್ತಕ್ಷರದಲ್ಲಿ ಬಾಯಿ ಕ್ಷಣ ಹೊತ್ತು ಪೂರ್ತಿ ಮುಚ್ಚಿರುತ್ತೆ, ಅಲ್ಲಿ ಇರೋದು ಕೋಣೆಯ ಸದ್ದು ಮಾತ್ರ. ಎರಡು ಸಲ ಹೇಳಿದ ಒಂದೇ ಪದವನ್ನು ಜೋಡಿಸಬೇಕಾದರೆ ನಾನು ಆ ಮುಚ್ಚಿದ ಜಾಗದಲ್ಲೇ ಕತ್ತರಿಸುತ್ತೇನೆ. ಆದರೆ ಆ ಬಿಡುವಿನ ಉದ್ದ ಕಡಿಮೆ ಮಾಡಬಾರದು, ‘ಹತ್ತು’ ಹೋಗಿ ‘ಹತು’ ಆಗುತ್ತೆ. ಇನ್ನೊಂದು, ಉಸಿರು ಯಾವಾಗಲೂ ಮುಂದಿನ ವಾಕ್ಯದ ಜೊತೆ ಇರಬೇಕು. ಅರ್ಧ ಉಸಿರು, ಇಲ್ಲವೇ ಒಂದರ ಹಿಂದೆ ಒಂದು ಎರಡು ಉಸಿರು ಬಂದರೆ ಸಿಕ್ಕಿಬಿದ್ದ ಹಾಗೇ.

ನಾನು ಮಾಡಿದ ಒಂದು ಕಟ್ ಹೇಳುತ್ತೇನೆ. ಅಜ್ಜಾರು "ನಾ ಈ ಕೆಲಸಕ್ಕ ಸೇರಿದ್ದು…" ಅಂದು ಕೆಮ್ಮಿ, ನೀರು ಕೇಳಿ, ಕುಡಿದು, ನಲವತ್ತು ಸೆಕೆಂಡು ಬಿಟ್ಟು "ಹದಿನಾಲ್ಕನೇ ವಯಸ್ಸಿಗೆ ನೋಡ್ರಿ" ಅಂದಿದ್ದರು. ‘ಸೇರಿದ್ದು’ ಆದಮೇಲೆ ಸುಮಾರು 200 ಮಿಲಿಸೆಕೆಂಡ್ ಬಿಟ್ಟು ಕತ್ತರಿಸಿದೆ, ದನಿ ಗೋಡೆಗೆ ತಾಗಿ ಅಡಗಲಿ ಅಂತ. ಆ ಕಡೆ ‘ಹದಿನಾಲ್ಕನೇ’ ಮುಂಚಿನ ಉಸಿರಿಗಿಂತ ಮೊದಲು ಕತ್ತರಿಸಿದೆ. ಎರಡನ್ನೂ ತಾಗಿಸಿದರೆ ಅವಸರ ಪಟ್ಟ ಹಾಗೆ ಕೇಳಿಸಿತು, ಅವರು ಹಾಗೆ ಮಾತಾಡುವವರೇ ಅಲ್ಲ. ನಡುವೆ ಅರ್ಧ ಸೆಕೆಂಡಿನಷ್ಟು ರೂಮ್ ಟೋನ್ ಇಟ್ಟು, ಎರಡೂ ತುದಿಗೆ 60 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಕೊಟ್ಟೆ. ಆದರೂ ಏನೋ ಎಡವಿದ ಹಾಗಿತ್ತು. ಹತ್ತು ಸಲ ಕೇಳಿದ ಮೇಲೆ ಗೊತ್ತಾಯಿತು, ಫ್ಯಾನಿನ ‘ಕಿರಕ್’ ತಾಳ ತಪ್ಪಿತ್ತು. ಅದು ಸೆಕೆಂಡಿಗೆ ಮೂರು ಸಲ ಬರುತ್ತಿತ್ತು, ಅಂದ್ರೆ ಸುಮಾರು 330 ಮಿಲಿಸೆಕೆಂಡಿಗೊಂದು. ಜೋಡಣೆಯ ಹತ್ತಿರ ಎರಡು ಕಿರಕ್ ತೀರಾ ಹತ್ತಿರ ಬಂದಿದ್ದವು. ಟೋನ್ ತುಂಡನ್ನು ಚೂರು ಸರಿಸಿ, ಆ ಕಡೆಯ ಮಾತನ್ನೂ ಅದಕ್ಕೆ ತಕ್ಕಂತೆ ಸರಿಸಿ ಮೂರೂ ಒಂದೇ ತಾಳಕ್ಕೆ ಬರುವಂತೆ ಮಾಡಿದ ಕೂಡಲೇ ಕಟ್ ಮಾಯವಾಯಿತು. ನಿಮ್ಮಲ್ಲಿ ಗೋಡೆ ಗಡಿಯಾರ ಇದ್ದರೂ ಇದೇ ಕಥೆ.

ಫ್ರಿಜ್ ಓಡುವಾಗಿನ ಮಾತು, ನಿಂತ ಮೇಲಿನ ಮಾತು ಪಕ್ಕಪಕ್ಕ ಬಂದರೆ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಏನೂ ಮಾಡೋದಿಲ್ಲ. ಟಕ್ ಹೋಗುತ್ತೆ, ಜಿಗಿತ ಉಳಿಯುತ್ತೆ. ಅಂಥ ಕಡೆ ನಾನು ನಿಂತ ಭಾಗದ ಮಾತಿನ ಕೆಳಗೆ ಇನ್ನೊಂದು ಟ್ರ್ಯಾಕ್‌ನಲ್ಲಿ ಫ್ರಿಜ್ ಟೋನ್ ಇಟ್ಟು, ಎರಡು ಮೂರು ಸೆಕೆಂಡಿನಲ್ಲಿ ಮೆಲ್ಲಗೆ ಕರಗಿಸುತ್ತೇನೆ. ಮಾತು ನಡೆಯುತ್ತಿರುವಾಗ ಹಿನ್ನೆಲೆ ನಿಧಾನವಾಗಿ ಕಡಿಮೆಯಾದರೆ ಯಾರೂ ಗಮನಿಸೋದಿಲ್ಲ. ಫ್ಯಾನ್ ಸದ್ದು ಅಲ್ಲಿ ಎರಡು ಪಟ್ಟಾಗುತ್ತೆ, ಹಾಗಾಗಿ ಆ ಟೋನ್‌ನಲ್ಲಿ ಫ್ರಿಜ್‌ನ ಕೆಳಗಿನ ಗುಂಯ್ ಮಾತ್ರ ಉಳಿಯುವಂತೆ ಮೇಲಿನ ಸದ್ದನ್ನು, ದಪ್ಪ ದನಿ ತೆಳು ದನಿಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ಯೂನಲ್ಲಿ ಕಡಿತ ಮಾಡಿ.

ಇದ್ಯಾವುದೂ ಕೈಹಿಡಿಯದ ಜಾಗವೂ ಇದೆ. "ಹೋಗಿ", "ಬಂದು" ಅಂತ ದನಿ ಮೇಲೆತ್ತಿದಲ್ಲಿ ವಾಕ್ಯ ಮುಗಿಸೋಕೆ ಆಗೋದಿಲ್ಲ. ಎಷ್ಟೇ ರೂಮ್ ಟೋನ್ ಸುರಿದರೂ ಕೇಳುವವರು ಮುಂದಿನ ಪದಕ್ಕೆ ಕಾಯುತ್ತಾರೆ. ಅಲ್ಲಿ ಕಟ್ ಬಿಟ್ಟು, ಉದ್ದವಾದರೂ ಪೂರ್ತಿ ವಾಕ್ಯ ಇಡಿ. ಹಾಗೇ ತಾತ "ಆದರೆ" ಅಂದು ಹೇಳಿದ್ದನ್ನು ತೆಗೆದು ಮೊದಲರ್ಧ ಮಾತ್ರ ಇಡಬೇಡಿ. ಕಟ್ ಕೇಳಿಸದ ಹಾಗೆ ಮಾಡೋಕೆ ಬಂದಮೇಲೆ ಈ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು.

ನಾಯ್ಸ್ ರಿಮೂವರ್ ಬೇಕೇಬೇಕು ಅನಿಸಿದರೆ ಎಲ್ಲಾ ಜೋಡಣೆ ಮುಗಿದ ಮೇಲೆ, ಪೂರ್ತಿ ಫೈಲಿಗೆ ಒಂದೇ ಅಳತೆಯಲ್ಲಿ, ತುಂಬಾ ಕಡಿಮೆ ಹಾಕಿ. ಜೋರು ಮಾತು, ಮೆಲುಮಾತಿನ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಹಾಕುವವರಾದರೆ ಹಾಕಿದ ಮೇಲೆ ಇನ್ನೊಮ್ಮೆ ಹೆಡ್‌ಫೋನ್‌ನಲ್ಲಿ ಕೇಳಿ, ಅದು ಹಿಂದಿನ ಸದ್ದನ್ನೂ ಮೇಲಕ್ಕೆತ್ತುತ್ತೆ, ಅಡಗಿದ್ದ ಜೋಡಣೆಗಳು ಆಗ ಹೊರಗೆ ಬರುತ್ತವೆ. ಕೇಳುವಾಗ ಸ್ಕ್ರೀನ್ ನೋಡಬೇಡಿ. ಕಟ್ ಎಲ್ಲಿದೆ ಅಂತ ಕಣ್ಣಿಗೆ ಕಂಡರೆ ಕಿವಿಗೂ ಕೇಳಿಸಿದ ಹಾಗೇ ಆಗುತ್ತೆ. ಮಾತು ಬಿಟ್ಟು ಹಿಂದಿನ ಸದ್ದನ್ನೇ ಹಿಂಬಾಲಿಸಿ.

ನಾನು ಒಂಬತ್ತು ರಾತ್ರಿ ಕೂತು ಅಜ್ಜಾರ ಸಂದರ್ಶನವನ್ನು ಮೊದಲಿನಿಂದ ಮತ್ತೆ ಜೋಡಿಸಿದೆ. ಒಟ್ಟು 140 ಕಟ್. ಈ ಸಲ ಮಗನ ಮುಂದೆಯೇ ಕೇಳಿಸಿದೆ. ಅಜ್ಜಾರು ಪೂರ್ತಿ ಮೂವತ್ತೈದು ನಿಮಿಷ ಕೇಳಿ, "ನೀರು ಕುಡಿದದ್ದು ಎಲ್ಲಿ ಹೋತು?" ಅಂತ ಕೇಳಿದರು.