ನೋವಿಲ್ಲದ ಹಲ್ಲನ್ನು ಯಾಕೆ ಕೀಳಿಸಬೇಕು?

ಬಾಯಿ ಅಥವಾ ಕುತ್ತಿಗೆಗೆ ರೇಡಿಯೇಷನ್ ಕೊಡುವ ಮೊದಲು ಕೆಲವು ಹಲ್ಲು ಕೀಳಿಸಬೇಕು ಅಂದ ಕೂಡಲೇ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಕ್ಯಾನ್ಸರ್ ರೋಗಿಗಳ ಜೊತೆ ಮಾತಾಡುವುದೇ ನನ್ನ ಕೆಲಸವಾದ್ದರಿಂದ ಕೊನೆಗೆ ಆ ಪ್ರಶ್ನೆ ನನ್ನ ಮೇಜಿಗೇ ಬರುತ್ತದೆ. ಇಲ್ಲಿ ಬರೆಯುತ್ತಿರುವುದು ಅಂಥ ಒಬ್ಬರ ಕಥೆ. ಅವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವತ್ತು ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಯಾಕೆ ಅನ್ನುವುದನ್ನೂ ಹೇಳುತ್ತೇನೆ.

ಅವರಿಗೆ ಐವತ್ತು ದಾಟಿತ್ತು. ನಾಲಿಗೆಯ ಎಡ ಅಂಚಿನಲ್ಲಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಮುಂದಿನ ಹೆಜ್ಜೆ ರೇಡಿಯೇಷನ್. ಅದರ ಡೋಸನ್ನು ಗ್ರೇ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಒಟ್ಟು 30 ಸಲ. ಅಂದರೆ ಆರು ವಾರದಲ್ಲಿ 60 ಗ್ರೇ. ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ ಐದು ಹಲ್ಲು ತೆಗೆಯಬೇಕು ಅಂದಿದ್ದರು. ಇವರು ಎದ್ದು ಬಂದುಬಿಟ್ಟಿದ್ದರು.

ನಿಜ ಹೇಳಬೇಕೆಂದರೆ ಹಲ್ಲಿನ ತಪಾಸಣೆ ಆಪರೇಷನ್‌ಗೆ ಮುಂಚೆಯೇ ಆಗಬೇಕಿತ್ತು. ಆಗಿದ್ದರೆ ಅದೇ ಅರಿವಳಿಕೆಯಲ್ಲಿ ಹಲ್ಲುಗಳನ್ನೂ ತೆಗೆದುಬಿಡಬಹುದಿತ್ತು. ಅದು ತಪ್ಪಿಹೋಗಿತ್ತು, ಅದರಲ್ಲಿ ಅವರದೇನೂ ತಪ್ಪಿಲ್ಲ. ಆದರೆ ಅದರಿಂದ ಸಮಯ ಇಕ್ಕಟ್ಟಾಯಿತು. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಹಲ್ಲು ಕಿತ್ತ ಜಾಗ ಮಾಯಲು ಕನಿಷ್ಠ ಎರಡು ವಾರ ಬೇಕು. ಅವರು ನನ್ನೆದುರು ಕೂತಾಗ ಆಗಲೇ ಮೂರು ವಾರ ಕಳೆದಿತ್ತು. ಯೋಚಿಸೋಣ ಅನ್ನಲು ಇದ್ದದ್ದು ಮೂರ್ನಾಲ್ಕು ದಿನ, ಅಷ್ಟೇ.

"ನೋವು ಬಂದಾಗ ಕೀಳಿಸಿಕೊಳ್ಳುತ್ತೇನೆ ಮೇಡಂ, ಈಗ ಯಾಕೆ?" ಅಂದರು. ಆಪರೇಷನ್ ಆದ ನಾಲಿಗೆ, ಮಾತು ತೊದಲುತ್ತಿತ್ತು. ಸಿಟ್ಟು ಮಾತ್ರ ಸ್ಪಷ್ಟವಾಗಿತ್ತು.

ಈ 'ಬಂದಾಗ' ಅನ್ನುವುದೇ ತೊಂದರೆ. ಸಾಮಾನ್ಯವಾಗಿ ಹಲ್ಲು ಕಿತ್ತರೆ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ವಸಡು ಮುಚ್ಚಿಕೊಳ್ಳುತ್ತದೆ, ಒಳಗೆ ಹೊಸ ಮೂಳೆ ತುಂಬುತ್ತದೆ. ರೇಡಿಯೇಷನ್ ಬಿದ್ದ ಮೂಳೆಗೆ ಆ ಶಕ್ತಿ ಕುಗ್ಗಿರುತ್ತದೆ. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಮೂಳೆ ಕಟ್ಟುವ ಜೀವಕೋಶಗಳು ಕಡಿಮೆಯಾಗುತ್ತವೆ, ಮೆತ್ತಗಿನ ಭಾಗ ನಾರಾಗುತ್ತದೆ. ಅಲ್ಲಿ ಗಾಯವಾದರೆ ಅದು ಮಾಯದೆ, ಮೂಳೆ ಸತ್ತು ಬಾಯಿಯೊಳಗೆ ತೆರೆದುಕೊಳ್ಳಬಹುದು. ಇದಕ್ಕೆ ಡಾಕ್ಟರುಗಳು ಆಸ್ಟಿಯೋರೇಡಿಯೋನೆಕ್ರೋಸಿಸ್ ಅನ್ನುತ್ತಾರೆ. ಮೇಲ್ದವಡೆಗಿಂತ ಕೆಳದವಡೆಯಲ್ಲೇ ಇದು ಜಾಸ್ತಿ, ಅದರಲ್ಲೂ ಹಿಂದಿನ ಹಲ್ಲುಗಳ ಭಾಗದಲ್ಲಿ. ಕೆಳದವಡೆಯ ಮೂಳೆ ಗಟ್ಟಿ, ಅದಕ್ಕೆ ರಕ್ತ ಬರುವ ದಾರಿಗಳೂ ಕಡಿಮೆ. 50 ಗ್ರೇ ದಾಟಿದ ಕಡೆ ಅಪಾಯ ಏರುತ್ತದೆ, 60 ದಾಟಿದರೆ ಇನ್ನೂ ಹೆಚ್ಚು. ವರ್ಷಗಳು ಕಳೆದವು ಅಂತ ಈ ಅಪಾಯ ಹೋಗಿಬಿಡುವುದಿಲ್ಲ.

ಇದನ್ನೆಲ್ಲ ಹಲ್ಲಿನ ಡಾಕ್ಟರು ಅವರಿಗೆ ಆಗಲೇ ಹೇಳಿದ್ದರು. ನಾನೂ ಹೇಳಿದೆ. ಅವರು ಕೇಳಿಸಿಕೊಂಡು ಸುಮ್ಮನೆ ಕೂತರು. ಆಮೇಲೆ ಕಿಟಕಿ ಕಡೆ ನೋಡುತ್ತ ಅಂದರು: "ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ. ಇರುವಷ್ಟು ದಿನ ನನ್ನ ಹಲ್ಲು ನನ್ನ ಬಾಯಲ್ಲೇ ಇರಲಿ."

ಅಲ್ಲಿಗೆ ವಿಷಯ ಹಲ್ಲಿನದಲ್ಲ ಅಂತ ನನಗೆ ಗೊತ್ತಾಯಿತು. ಹೇಗೂ ಸಾಯುವವನ ಬಾಯಿಂದ ಇನ್ನೂ ಒಂದಿಷ್ಟು ಕಿತ್ತುಕೊಳ್ಳುತ್ತಿದ್ದಾರೆ ಅಂತ ಅವರು ಅಂದುಕೊಂಡಿದ್ದರು. ನಾನು ಕೇಳಿದೆ: "ಈ ಮೂಳೆ ಸಾಯುವ ತೊಂದರೆ ಯಾವಾಗ ಬರುತ್ತದೆ ಅಂತ ಡಾಕ್ಟರು ಹೇಳಿದರು?" "ತಿಂಗಳುಗಳು, ವರ್ಷಗಳು ಕಳೆದ ಮೇಲೆ ಅಂದರು." "ಹಾಗಾದರೆ ಯಾರಿಗೆ ಬರುತ್ತದೆ?"

ಅವರು ತಿರುಗಿ ನೋಡಿದರು.

"ಬದುಕಿ ಉಳಿದವರಿಗೆ ಬರುತ್ತದೆ. ನೀವು ಉಳಿಯುವುದಿಲ್ಲ ಅಂತ ಡಾಕ್ಟರಿಗೆ ಅನ್ನಿಸಿದ್ದರೆ ನಿಮ್ಮ ಹಲ್ಲಿನ ತಂಟೆಗೇ ಬರುತ್ತಿರಲಿಲ್ಲ. ಇನ್ನು ಐದು ವರ್ಷ ಆದಮೇಲೆ ನಿಮ್ಮ ದವಡೆ ಹೇಗಿರಬೇಕು ಅಂತ ಅವರು ಈಗಲೇ ಲೆಕ್ಕ ಹಾಕುತ್ತಿದ್ದಾರೆ."

ತುಂಬಾ ಹೊತ್ತು ಅವರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಕೊನೆಗೆ "ಐದೂ ಹಲ್ಲೇ ಯಾಕೆ?" ಅಂದರು. ಒಪ್ಪುವುದಿಲ್ಲ ಅನ್ನುವುದಕ್ಕೂ ಐದೇ ಯಾಕೆ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಹಲ್ಲಿನ ಡಾಕ್ಟರನ್ನೂ ರೇಡಿಯೇಷನ್ ಡಾಕ್ಟರನ್ನೂ ಅವತ್ತೇ ಒಟ್ಟಿಗೆ ಕೂರಿಸಿದೆ.

ಯಾವ ಜಾಗಕ್ಕೆ ಎಷ್ಟು ಗ್ರೇ ಬೀಳುತ್ತದೆ ಅನ್ನುವ ನಕ್ಷೆಯನ್ನು ಪರದೆಯ ಮೇಲೆ ತೆರೆದರು. ಎಡಗಡೆ ಕೆಳಗಿನ ಮೂರು ಹಲ್ಲು ಪೂರ್ತಿ ಡೋಸ್ ಬೀಳುವ ಜಾಗದಲ್ಲಿದ್ದವು. ಒಂದರ ಬೇರಿನ ತುದಿಯಲ್ಲಿ ಸೋಂಕಿತ್ತು. ಇನ್ನೊಂದರ ವಸಡು ಆಳವಾಗಿ ಬಿಟ್ಟುಕೊಂಡು ಹಲ್ಲು ಅಲುಗಾಡುತ್ತಿತ್ತು. ಮೂರನೆಯದು ಅರ್ಧ ಹೊರಬಂದ ಬುದ್ಧಿಹಲ್ಲು, ಸುತ್ತ ಆಗಾಗ ಊದಿಕೊಳ್ಳುವಂಥದ್ದು. ಈ ಮೂರರಲ್ಲಿ ರಾಜಿ ಇರಲಿಲ್ಲ. ಉಳಿದೆರಡು ಬಲಗಡೆಯವು. ಅಲ್ಲಿ ಬೀಳುವ ಡೋಸ್ ತುಂಬಾ ಕಡಿಮೆ. ಒಂದಕ್ಕೆ ಸಿಮೆಂಟ್ ತುಂಬಿ, ಇನ್ನೊಂದರ ವಸಡು ಶುಚಿ ಮಾಡಿ ಉಳಿಸಬಹುದು ಅಂದರು. ಮುಂದೆ ಕೀಳಬೇಕಾಗಿ ಬಂದರೂ ಆ ಕಡೆಯ ಮೂಳೆ ಮಾಯುತ್ತದೆ. ಹೀಗೆ ಐದು ಹಲ್ಲು ಮೂರಾದವು. ಮರುದಿನ ಬೆಳಿಗ್ಗೆ ಅವರು ಕೀಳಿಸಿಕೊಂಡರು. ರೇಡಿಯೇಷನ್ ಹೇಳಿದ ದಿನಕ್ಕೇ ಶುರುವಾಯಿತು.

ನಾನು ಜಾಸ್ತಿ ಒತ್ತಾಯ ಮಾಡಿದೆ ಅಂತ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದರು. ರೋಗಿಯ ನಿರ್ಧಾರ ರೋಗಿಯದು, ನಾವು ದಾರಿ ತೋರಿಸಬೇಕು, ತಳ್ಳಬಾರದು ಅಂತ. ನಾನೂ ಒಂದು ಕಾಲದಲ್ಲಿ ಹಾಗೇ ಮಾಡುತ್ತಿದ್ದೆ. ಇದಕ್ಕೂ ಕೆಲವು ವರ್ಷ ಮುಂಚೆ ಒಬ್ಬ ಹೆಂಗಸು ಇದೇ ಪ್ರಶ್ನೆ ಕೇಳಿದ್ದರು. ನಾನು "ನಿಮ್ಮ ಇಷ್ಟ" ಅಂದಿದ್ದೆ. ಹುಳುಕು ಹಲ್ಲು ಹಾಗೇ ಉಳಿಯಿತು. ಎರಡೂವರೆ ವರ್ಷದ ಮೇಲೆ ನೋವು ಬಂತು. ಕ್ಯಾನ್ಸರ್ ವಾಸಿಯಾಯಿತಲ್ಲ, ಅದನ್ನೆಲ್ಲ ಯಾಕೆ ಹೇಳಬೇಕು ಅಂತ, ಹಳೆಯದೇನನ್ನೂ ಹೇಳದೆ ಮನೆ ಹತ್ತಿರ ಎಲ್ಲೋ ಕೀಳಿಸಿಕೊಂಡರು. ಗುಂಡಿ ಮುಚ್ಚಲೇ ಇಲ್ಲ. ನಾಲಿಗೆಗೆ ಏನೋ ಒರಟಾಗಿ ತಾಗುತ್ತದೆ, ಬಾಯಿ ವಾಸನೆ ಬರುತ್ತದೆ, ಕೆಳತುಟಿ ಅರ್ಧ ಮರಗಟ್ಟಿದೆ ಅಂತ ಬಂದಾಗ ಮೂರು ತಿಂಗಳಾಗಿತ್ತು. ಕ್ಯಾನ್ಸರ್ ಮರಳಿತೇ ಅಂತ ಮೊದಲು ಪರೀಕ್ಷಿಸಿದರು, ಯಾಕಂದರೆ ಎರಡೂ ನೋಡಲು ಒಂದೇ ಥರ ಇರಬಹುದು. ಮರಳಿರಲಿಲ್ಲ. ಆದರೆ ಕೆಲವು ತಿಂಗಳಲ್ಲಿ ದವಡೆಯ ಕೆಳಗೆ ಚರ್ಮ ಒಡೆದು ಕೀವು ಬಂತು. ಕೊನೆಗೆ ಆ ಭಾಗದ ದವಡೆ ತೆಗೆದು, ಕಾಲಿನ ಮೂಳೆ ತಂದು ಕೂರಿಸಬೇಕಾಯಿತು.

ಅವರು ನನ್ನನ್ನು ಯಾವತ್ತೂ ದೂರಲಿಲ್ಲ. ಆದರೆ 'ನಿಮ್ಮ ಇಷ್ಟ' ಅಂದದ್ದು ಗೌರವವಾಗಿತ್ತೋ, ಕೈ ತೊಳೆದುಕೊಂಡದ್ದೋ ಅಂತ ನನಗೆ ಇವತ್ತಿಗೂ ಅನುಮಾನ. ಇದರರ್ಥ ಎಲ್ಲ ಹಲ್ಲೂ ಕಿತ್ತುಬಿಡಿ ಅಂತಲ್ಲ. ಹಿಂದೆ ಗಟ್ಟಿ ಹಲ್ಲನ್ನೂ ಸಾಲಾಗಿ ಕೀಳುವ ಪದ್ಧತಿ ಇತ್ತು, ಈಗ ಅದು ಹೋಗಿದೆ. ಸರಿಯಾದ ಸಮಯಕ್ಕೆ ಕಿತ್ತರೂ ಅಪಾಯ ಸೊನ್ನೆ ಆಗುವುದಿಲ್ಲ, ಕಡಿಮೆ ಆಗುತ್ತದೆ.

ಮತ್ತೆ ಮೂರು ಹಲ್ಲು ಕೀಳಿಸಿಕೊಂಡವರ ವಿಷಯಕ್ಕೆ ಬರೋಣ. ಎರಡನೇ ವಾರದ ಕೊನೆಗೆ ಬಾಯೆಲ್ಲ ಹುಣ್ಣಾಯಿತು. ಬ್ರಷ್ ಮುಟ್ಟಲಾಗುವುದಿಲ್ಲ ಅಂದರು. ತುಂಬಾ ಮೆತ್ತಗಿನ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಇನ್ನಷ್ಟು ಮೆತ್ತಗೆ ಮಾಡಿಕೊಳ್ಳಿ ಅಂದೆ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು, ಒಂದು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಿದರು. ಆಲ್ಕೋಹಾಲ್ ಇರುವ ಮೌತ್‌ವಾಷ್ ಬೇಡವೇ ಬೇಡ, ಅದು ಉರಿ ಹೆಚ್ಚಿಸುತ್ತದೆ. ದಿನಾ ಬಾಯಿ ಅಗಲಿಸುವ ವ್ಯಾಯಾಮವನ್ನೂ ಬಿಡಬಾರದು ಅಂದಿದ್ದರು. ಬಾಯಿ ತೆರೆಯದಿದ್ದರೆ ಮುಂದೆ ಹಿಂದಿನ ಹಲ್ಲಿಗೆ ಚಿಕಿತ್ಸೆ ಮಾಡಲು ಕೈಯೇ ಹೋಗುವುದಿಲ್ಲ, ಅಲ್ವಾ?

ಕಷ್ಟ ಶುರುವಾದದ್ದು ಎಲ್ಲ ಮುಗಿದ ಮೇಲೆ. ಜೊಲ್ಲು ಕಡಿಮೆಯಾಗಿತ್ತು. ಜೊಲ್ಲು ಹಲ್ಲಿನ ಮೇಲಿನ ಆಮ್ಲವನ್ನು ತೊಳೆದು ಹಲ್ಲನ್ನು ಕಾಯುತ್ತದೆ. ಅದಿಲ್ಲದಿದ್ದರೆ ವಸಡಿನ ಅಂಚಿನಲ್ಲಿ ಹಲ್ಲಿನ ಸುತ್ತ ಕಂದು ಗೆರೆಯಂತೆ ಹುಳುಕು ಬರುತ್ತದೆ. ಮೊದಮೊದಲು ನೋವೇ ಇರುವುದಿಲ್ಲ, ಕೆಲವೇ ತಿಂಗಳಲ್ಲಿ ಹಲ್ಲು ಬುಡದಲ್ಲೇ ಮುರಿಯಬಹುದು. ಇದನ್ನು ತಡೆಯಲು ಅವರ ಹಲ್ಲಿನ ಅಳತೆಗೆ ಮೆತ್ತಗಿನ ಟ್ರೇ ಮಾಡಿಸಿ ಫ್ಲೋರೈಡ್ ಜೆಲ್ ಕೊಟ್ಟಿದ್ದರು. ಸಾಮಾನ್ಯ ಟೂತ್‌ಪೇಸ್ಟ್‌ಗಿಂತ ಎಷ್ಟೋ ಪಟ್ಟು ಗಾಢವಾದದ್ದು. ರಾತ್ರಿ ಹಲ್ಲುಜ್ಜಿದ ಮೇಲೆ ಐದು ನಿಮಿಷ ಹಾಕಿಕೊಂಡು ಉಗುಳಬೇಕು, ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಐದು ತಿಂಗಳು ಮಾಡಿದರು. ಆಮೇಲೆ ಬಿಟ್ಟರು. ಒಣಗುವ ಬಾಯಿಗೆ ಅಂತ ದಿನವಿಡೀ ಸಕ್ಕರೆ ಮಿಠಾಯಿ ಚೀಪುತ್ತಿದ್ದರು.

ಎರಡು ವರ್ಷದ ಮೇಲೆ ಎಡಗಡೆ ಕೆಳಗಿನ ಒಂದು ಹಲ್ಲು ಹಾಳಾಯಿತು. ಪೂರ್ತಿ ಡೋಸ್ ಬಿದ್ದ ಜಾಗ. ಈ ಸಲ ಅವರೇ ಬಂದು "ಕಿತ್ತು ಹಾಕಲಿ ಮೇಡಂ" ಅಂದರು. ನಾನು ಬೇಡ ಅಂದೆ! ನಗು ಬಂತು ಇಬ್ಬರಿಗೂ. ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮಾಡಿ, ಮೇಲಿನ ಭಾಗವನ್ನು ವಸಡಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ಅಲ್ಲೇ ಬಿಟ್ಟರು. ಮೂಳೆಗೆ ಗಾಯವೇ ಆಗಲಿಲ್ಲ. ಅವತ್ತು ನಾನು ಮಾಡಿದ್ದು ಒಂದೇ ಕೆಲಸ. ಯಾವ ಕಡೆ, ಎಷ್ಟು ಗ್ರೇ, ಯಾವಾಗ ಮುಗಿಯಿತು, ಯಾರನ್ನು ಕೇಳದೆ ಹಲ್ಲು ಕೀಳಬಾರದು ಅನ್ನುವುದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆಸಿ ಅವರ ಪರ್ಸಿನಲ್ಲಿ ಇಡಿಸಿದೆ. ಆ ಹೆಂಗಸಿನ ಪರ್ಸಿನಲ್ಲಿ ಇಲ್ಲದ ಕಾರ್ಡು ಅದು.

ಮೂರು ತಿಂಗಳಿಗೊಮ್ಮೆ ಹಲ್ಲು ತೋರಿಸಲು ಈಗಲೂ ಬರುತ್ತಾರೆ. ಎಡಗಡೆ ಕಟ್ಟುಹಲ್ಲು ಹಾಕಿಸಿಲ್ಲ. ಅದು ಉಜ್ಜಿ ಹುಣ್ಣಾದರೆ ಅಲ್ಲೂ ಮೂಳೆ ತೆರೆದುಕೊಳ್ಳಬಹುದು ಅನ್ನುವ ಭಯ. ಬಲಗಡೆಯಲ್ಲೇ ಅಗಿಯುತ್ತಾರೆ, ಅದರ ಬಗ್ಗೆ ಗೊಣಗುತ್ತಾರೆ ಕೂಡ. ಹೋದ ಸಲ ಬಂದಾಗ, "ಈ ಜೆಲ್ ಎಷ್ಟು ವರ್ಷ ಹಾಕಬೇಕು?" ಅಂತ ಕೇಳಿದರು. ಹಲ್ಲು ಇರುವ ತನಕ ಅಂದೆ. ಸ್ವಲ್ಪ ಯೋಚಿಸಿ, "ಹಾಗಾದರೆ ಹೊಸ ಟ್ರೇ ಮಾಡಿಸಬೇಕು, ಹಳೆಯದು ಬಿರುಕು ಬಿಟ್ಟಿದೆ" ಅಂದರು.